ಮೂಳೆ ಕರಗುವುದನ್ನು ತಡೆಯುವ ಔಷಧವೋ, ಮೂಳೆ ಕಟ್ಟುವ ಔಷಧವೋ: ಆಯ್ಕೆಗೊಂದು ಹೋಲಿಕೆ

ಮುಟ್ಟು ನಿಂತ ಕೆಲವು ವರ್ಷಗಳ ನಂತರ ಆಸ್ಟಿಯೊಪೊರೋಸಿಸ್ ಪತ್ತೆಯಾದ ಮಹಿಳೆಯ ಮುಂದೆ ಇಂದು ಹಲವು ಔಷಧಗಳಿವೆ. ವಾರಕ್ಕೊಮ್ಮೆ ನುಂಗುವ ಮಾತ್ರೆ, ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಡ್ರಿಪ್, ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಇಂಜೆಕ್ಷನ್, ಪ್ರತಿದಿನ ತಾವೇ ಚುಚ್ಚಿಕೊಳ್ಳುವ ಪೆನ್, ಜೊತೆಗೆ ಹಳೆಯ ಹಾರ್ಮೋನ್ ಚಿಕಿತ್ಸೆ. ಸಾಮಾನ್ಯವಾಗಿ ಇವುಗಳನ್ನು ಮುರಿತದ ಅಪಾಯ ಶೇಕಡಾ ಎಷ್ಟು ಇಳಿಯುತ್ತದೆ ಎಂಬ ಒಂದೇ ಅಂಕಿಯಿಂದ ಅಳೆದು ಹೋಲಿಸಲಾಗುತ್ತದೆ. ಆ ಅಂಕಿ ಬೇಕಾದದ್ದೇ, ಆದರೆ ಅದಕ್ಕೂ ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳಿವೆ. ಮೂಳೆ ತನ್ನನ್ನು ತಾನು ಹೊಸದಾಗಿಸಿಕೊಳ್ಳುವ ಸುತ್ತಿನಲ್ಲಿ ಈ ಔಷಧ ಯಾವ ಹಂತವನ್ನು ಹಿಡಿಯುತ್ತದೆ? ಇದನ್ನು ನಿಲ್ಲಿಸಿದ ಮೇಲೆ ಆ ಸುತ್ತು ಏನಾಗುತ್ತದೆ? ಇವುಗಳಿಗೆ ಉತ್ತರ ಸಿಕ್ಕರೆ ಯಾವುದನ್ನು ಮೊದಲು ಕೊಡಬೇಕು, ಯಾವುದನ್ನು ನಂತರಕ್ಕೆ ಇಡಬೇಕು ಎಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ನವೀಕರಣದ ಒಂದು ಸುತ್ತು

ಪ್ರೌಢ ವಯಸ್ಸಿನ ಮೂಳೆಯಲ್ಲಿ ಯಾವ ಕ್ಷಣದಲ್ಲಿ ನೋಡಿದರೂ ಲಕ್ಷಾಂತರ ಸಣ್ಣ ಜಾಗಗಳಲ್ಲಿ ಕೆಲಸ ನಡೆಯುತ್ತಿರುತ್ತದೆ. ಹೀಗೆ ವರ್ಷಕ್ಕೆ ಅಸ್ಥಿಪಂಜರದ ಸುಮಾರು ಹತ್ತನೇ ಒಂದು ಭಾಗ ಹೊಸದಾಗುತ್ತದೆ. ಪ್ರತಿಯೊಂದು ಜಾಗದಲ್ಲೂ ಕ್ರಮ ಒಂದೇ: ಮೊದಲು ಕರಗಿಸುವುದು, ಅನಂತರ ಕಟ್ಟುವುದು. ಕರಗಿಸುವ ಕೋಶಗಳು ಆಸ್ಟಿಯೊಕ್ಲಾಸ್ಟ್‌ಗಳು. ಇವು ರಕ್ತಕಣಗಳ ವಂಶದವು. ಬಿಳಿರಕ್ತಕಣಗಳ ಮಾನೊಸೈಟ್ ಗುಂಪಿನ ಹಲವು ಕೋಶಗಳು ಒಂದಾಗಿ ಬೆಸೆದು, ಅನೇಕ ನ್ಯೂಕ್ಲಿಯಸ್‌ಗಳಿರುವ ದೊಡ್ಡ ಕೋಶವಾಗುತ್ತವೆ. ಅದು ಮೂಳೆಯ ಮೇಲ್ಮೈಗೆ ಅಂಟಿ ಅಂಚನ್ನು ಸುತ್ತಲೂ ಭದ್ರವಾಗಿ ಮುಚ್ಚಿಕೊಂಡು, ಒಳಗೆ ಆಮ್ಲವನ್ನು ಸುರಿಸಿ ಖನಿಜವನ್ನು ಕರಗಿಸುತ್ತದೆ. ಖನಿಜ ಹೋದ ಮೇಲೆ ಉಳಿಯುವ ಕೊಲಾಜನ್ ನಾರನ್ನು ಕ್ಯಾಥೆಪ್ಸಿನ್ ಕೆ ಎಂಬ ಕಿಣ್ವದಿಂದ ಕತ್ತರಿಸುತ್ತದೆ. ಎರಡು ಮೂರು ವಾರಗಳಲ್ಲಿ ಸುಮಾರು 50 ಮೈಕ್ರಾನ್ ಆಳದ ಹಳ್ಳ ಸಿದ್ಧವಾಗುತ್ತದೆ.

ಅನಂತರ ಆ ಹಳ್ಳಕ್ಕೆ ಆಸ್ಟಿಯೊಬ್ಲಾಸ್ಟ್‌ಗಳು, ಅಂದರೆ ಕಟ್ಟುವ ಕೋಶಗಳು ಬರುತ್ತವೆ. ಇವುಗಳ ಮೂಲವೇ ಬೇರೆ. ಮಜ್ಜೆಯಲ್ಲಿರುವ, ಕೊಬ್ಬಿನ ಕೋಶಗಳೂ ಹುಟ್ಟುವ ಕಾಂಡಕೋಶಗಳಿಂದ ಇವು ಬರುತ್ತವೆ. ಮೊದಲು ಕೊಲಾಜನ್ ಹಾಸನ್ನು ಹೆಣೆದು, ಮೇಲೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂರುವಂತೆ ಮಾಡುತ್ತವೆ. ಹಳ್ಳ ತೋಡಲು ವಾರಗಳು ಸಾಕು, ತುಂಬಲು ಮೂರು ನಾಲ್ಕು ತಿಂಗಳು ಬೇಕು. ಖನಿಜ ಪೂರ್ತಿ ಗಟ್ಟಿಯಾಗಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಈ ಕಾಲದ ಅಂತರವೇ ಮುಂದಿನ ಅನೇಕ ವಿಷಯಗಳಿಗೆ ಕಾರಣ: ಏಕಕಾಲದಲ್ಲಿ ತೋಡುವ ಜಾಗಗಳು ಹೆಚ್ಚಾದರೆ, ಪ್ರತಿ ಹಳ್ಳವೂ ಕೊನೆಗೆ ಪೂರ್ತಿ ತುಂಬುವಂತಿದ್ದರೂ, ಸದ್ಯಕ್ಕೆ ಮೂಳೆ ಕಡಿಮೆಯಾಗಿಯೇ ಇರುತ್ತದೆ.

ಎರಡೂ ಬಗೆಯ ಕೋಶಗಳ ನಡುವೆ ಸಂದೇಶ ಸಾಗುವ ದಾರಿಗಳಲ್ಲಿ ಎರಡನ್ನು ಮಾತ್ರ ತಿಳಿದರೆ ಈ ಹೋಲಿಕೆಗೆ ಸಾಕು. ಮೊದಲನೆಯದು ರ‍್ಯಾಂಕ್-ಎಲ್ ಎಂಬ ಪ್ರೋಟೀನು. ಕಟ್ಟುವ ಕೋಶಗಳೂ, ಮೂಳೆಯೊಳಗೆ ಹುದುಗಿರುವ ಆಸ್ಟಿಯೊಸೈಟ್‌ಗಳೂ ಅದನ್ನು ತಯಾರಿಸುತ್ತವೆ. ಅದು ಸಿಕ್ಕಿದರೆ ಮಾತ್ರ ಕರಗಿಸುವ ಕೋಶಗಳು ಬಲಿಯುತ್ತವೆ ಮತ್ತು ಬದುಕುತ್ತವೆ. ಅದನ್ನು ದಾರಿಯಲ್ಲೇ ಹಿಡಿದು ನಿಷ್ಕ್ರಿಯಗೊಳಿಸುವ ಆಸ್ಟಿಯೊಪ್ರೊಟೆಜೆರಿನ್ ಎಂಬ ಪ್ರೋಟೀನನ್ನೂ ಇದೇ ಕಟ್ಟುವ ಕೋಶಗಳು ಬಿಡುತ್ತವೆ. ಎರಡನೆಯದು ಸ್ಕ್ಲೆರೊಸ್ಟಿನ್. ಆಸ್ಟಿಯೊಸೈಟ್‌ಗಳು ಬಿಡುವ ಇದು ಕಟ್ಟುವ ಕೆಲಸಕ್ಕೆ ಕಡಿವಾಣ ಹಾಕುತ್ತದೆ. ಮೂಳೆಯ ಮೇಲೆ ಭಾರ ಬಿದ್ದಾಗ ಇದರ ಪ್ರಮಾಣ ಇಳಿಯುತ್ತದೆ.

ವಯಸ್ಸಿನೊಂದಿಗೆ ಬದಲಾಗುವ ಹಾರ್ಮೋನುಗಳು

ಬಾಲ್ಯದಲ್ಲಿ ಬೆಳವಣಿಗೆಯ ಹಾರ್ಮೋನು ಮೂಳೆಯನ್ನು ಉದ್ದವಾಗಿಸುತ್ತದೆ. ಹರೆಯದಲ್ಲಿ ಲೈಂಗಿಕ ಹಾರ್ಮೋನುಗಳು ಅದನ್ನು ದಪ್ಪವಾಗಿಸಿ, ಕೊನೆಗೆ ಉದ್ದದ ಬೆಳವಣಿಗೆಗೆ ತೆರೆ ಎಳೆಯುತ್ತವೆ. ಈ ಕೊನೆಯ ಕೆಲಸವನ್ನು ಹುಡುಗರಲ್ಲಿ ಟೆಸ್ಟೊಸ್ಟಿರೋನ್ ಮಾಡುತ್ತದೆಂದು ಬಹುಕಾಲ ನಂಬಲಾಗಿತ್ತು. 1994ರಲ್ಲಿ ವರದಿಯಾದ 28 ವರ್ಷದ ಒಬ್ಬ ಪುರುಷನ ಪ್ರಕರಣ ಆ ನಂಬಿಕೆಯನ್ನು ತಿದ್ದಿತು. ಆತನ ಟೆಸ್ಟೊಸ್ಟಿರೋನ್ ಸಹಜವಾಗಿತ್ತು, ಆದರೆ ಕೋಶಗಳಲ್ಲಿ ಈಸ್ಟ್ರೊಜೆನ್ ಸಂದೇಶವನ್ನು ಹಿಡಿಯುವ ಗ್ರಾಹಕ ಹುಟ್ಟಿನಿಂದಲೇ ಕೆಲಸ ಮಾಡುತ್ತಿರಲಿಲ್ಲ. ಎತ್ತರ 2 ಮೀಟರ್ ದಾಟಿದ್ದರೂ ಆತ ಇನ್ನೂ ಬೆಳೆಯುತ್ತಿದ್ದ, ಮೂಳೆಯ ತುದಿಗಳು ಮುಚ್ಚಿಕೊಂಡಿರಲಿಲ್ಲ, ಮೂಳೆಯ ಸಾಂದ್ರತೆ ತೀರಾ ಕಡಿಮೆಯಿತ್ತು. ಪುರುಷರ ಮೂಳೆಗೂ ಈಸ್ಟ್ರೊಜೆನ್ ಬೇಕು ಎಂಬುದು ಅಂದಿನಿಂದ ಸ್ಪಷ್ಟವಾಯಿತು. ಟೆಸ್ಟೊಸ್ಟಿರೋನಿನ ಒಂದು ಪಾಲು ದೇಹದಲ್ಲಿ ಈಸ್ಟ್ರೊಜೆನ್ ಆಗಿಯೇ ಮಾರ್ಪಟ್ಟು ಮೂಳೆಯನ್ನು ಕಾಯುತ್ತದೆ.

ಇಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮೂಳೆಯ ದ್ರವ್ಯರಾಶಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಅಲ್ಲಿಂದ ಮುಟ್ಟು ನಿಲ್ಲುವವರೆಗೆ ದೊಡ್ಡ ಬದಲಾವಣೆ ಇರುವುದಿಲ್ಲ. ಹಾಲೂಡಿಸುವ ತಿಂಗಳುಗಳಲ್ಲಿ ತಾಯಿಯ ಬೆನ್ನುಮೂಳೆಯಿಂದ ಒಂದಷ್ಟು ಖನಿಜ ಹೊರಟುಹೋಗುತ್ತದೆ, ಆದರೆ ಹಾಲು ಬಿಡಿಸಿದ ಮೇಲೆ ಸಾಮಾನ್ಯವಾಗಿ ಮರಳಿ ಬರುತ್ತದೆ.

ಮುಟ್ಟು ನಿಲ್ಲುವಾಗಿನ ನಷ್ಟ ಹಾಗಲ್ಲ. ಈಸ್ಟ್ರೊಜೆನ್ ಇಳಿದಾಗ ರ‍್ಯಾಂಕ್-ಎಲ್ ಏರುತ್ತದೆ, ಕರಗಿಸುವ ಕೋಶಗಳು ತಮ್ಮ ಕಾಲ ಮುಗಿದರೂ ಸಾಯದೆ ಹೆಚ್ಚು ದಿನ ಉಳಿಯುತ್ತವೆ, ಹಳ್ಳಗಳ ಸಂಖ್ಯೆಯೂ ಆಳವೂ ಹೆಚ್ಚುತ್ತವೆ. ಕೊನೆಯ ಮುಟ್ಟಿನ ಆಸುಪಾಸಿನ ಕೆಲವು ವರ್ಷ ಬೆನ್ನುಮೂಳೆ ವರ್ಷಕ್ಕೆ ಶೇಕಡಾ 2ರಷ್ಟು ಸಾಂದ್ರತೆಯನ್ನು ಕಳೆದುಕೊಳ್ಳಬಹುದು. ಇಲ್ಲಿ ಗಮನಿಸಬೇಕಾದದ್ದು ಪ್ರಮಾಣಕ್ಕಿಂತ ಹೆಚ್ಚಾಗಿ ಆಕಾರ. ಬೆನ್ನುಮೂಳೆಯ ಬಿಡಿ ಮೂಳೆಯಾದ ಕಶೇರುವಿನ ಒಳಗಿನ ಸ್ಪಂಜಿನಂಥ ಭಾಗದಲ್ಲಿ ಹೆಣೆದುಕೊಂಡಿರುವ ಕಂಬಿಗಳ ದಪ್ಪ 100ರಿಂದ 150 ಮೈಕ್ರಾನ್ ಮಾತ್ರ. ಅದರ ಎರಡು ಬದಿಗಳಿಂದಲೂ 50 ಮೈಕ್ರಾನ್‌ಗಿಂತ ಆಳವಾದ ಹಳ್ಳಗಳು ಎದುರುಬದುರಾಗಿ ಬಿದ್ದರೆ ಕಂಬಿ ತೂತಾಗಿ ತುಂಡಾಗುತ್ತದೆ. ತುಂಡಾದ ಮೇಲೆ ಕಟ್ಟುವ ಕೋಶಗಳಿಗೆ ಕೂರಲು ಮೇಲ್ಮೈಯೇ ಇರುವುದಿಲ್ಲ. ತೆಳುವಾದ ಕಂಬಿಯನ್ನು ದಪ್ಪವಾಗಿಸಬಹುದು. ಕಡಿದುಹೋದ ಕಂಬಿಯನ್ನು ಮತ್ತೆ ಜೋಡಿಸುವುದು ಇಂದಿನ ಔಷಧಗಳಿಗೂ ಬಲು ಕಷ್ಟ.

ಎಪ್ಪತ್ತು ದಾಟಿದ ಮೇಲೆ ಸಮಸ್ಯೆಯ ಬಣ್ಣ ಬದಲಾಗುತ್ತದೆ. ಕ್ಯಾಲ್ಸಿಯಂ ಹೀರಿಕೆ ಕುಗ್ಗಿ, ವಿಟಮಿನ್ ಡಿ ಕಡಿಮೆಯಾಗಿ, ಪ್ಯಾರಾಥೈರಾಯ್ಡ್ ಹಾರ್ಮೋನು ಮೆಲ್ಲಗೆ ಏರುತ್ತದೆ. ಇದರ ಪೆಟ್ಟು ಸ್ಪಂಜಿನಂಥ ಒಳಭಾಗಕ್ಕಿಂತ ಹೊರಗಿನ ಗಟ್ಟಿ ಕವಚಕ್ಕೆ ಬೀಳುತ್ತದೆ, ತೊಡೆಮೂಳೆಯ ಕತ್ತು ಮುರಿಯುವುದು ಹೆಚ್ಚುತ್ತದೆ. ಜೊತೆಗೆ ಹಳ್ಳಗಳು ಪೂರ್ತಿ ತುಂಬುವಷ್ಟು ಕಟ್ಟುವ ಕೋಶಗಳೂ ಸಿಗುವುದಿಲ್ಲ. ಕಾರ್ಟಿಸೋನ್ ಜಾತಿಯ ಸ್ಟೆರಾಯ್ಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳುವವರಲ್ಲಿ ಈ ಎರಡನೆಯ ಕೊರತೆ ಯಾವ ವಯಸ್ಸಿನಲ್ಲೂ ಕಾಣಿಸಿಕೊಳ್ಳಬಹುದು.

ಸಾಂದ್ರತೆ ಏರಿತು ಎಂದರೆ ಏನೇರಿತು?

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ಸಂಖ್ಯೆ ಏರಿದಾಗ ಹೊಸ ಮೂಳೆ ಬೆಳೆಯಿತು ಎಂದೇ ಅನೇಕರು ತಿಳಿಯುತ್ತಾರೆ. ಎರಡು ಗುಂಪಿನ ಔಷಧಗಳಲ್ಲಿ ಆ ಏರಿಕೆಯ ಅರ್ಥ ಬೇರೆ ಬೇರೆ. ರಸ್ತೆಯುದ್ದಕ್ಕೂ ಗುಂಡಿ ತೋಡುವವರನ್ನು ಮನೆಗೆ ಕಳುಹಿಸಿ, ಗುಂಡಿ ಮುಚ್ಚುವವರನ್ನು ಮಾತ್ರ ಉಳಿಸಿಕೊಂಡರೆ ಕೆಲವು ತಿಂಗಳಲ್ಲಿ ಇದ್ದ ಗುಂಡಿಗಳೆಲ್ಲ ತುಂಬುತ್ತವೆ. ಅನಂತರ ಮುಚ್ಚುವವರಿಗೂ ಕೆಲಸವಿಲ್ಲ, ರಸ್ತೆ ಅಗಲವಾಗುವುದೂ ಇಲ್ಲ. ಕರಗುವಿಕೆಯನ್ನು ತಡೆಯುವ ಔಷಧಗಳು ಮಾಡುವುದು ಬಹುಪಾಲು ಇದನ್ನೇ. ಆರಂಭದ ಏರಿಕೆ ತೆರೆದಿದ್ದ ಹಳ್ಳಗಳು ಮುಚ್ಚಿದ್ದರಿಂದ, ಮುಂದಿನ ನಿಧಾನ ಏರಿಕೆ ಇರುವ ಮೂಳೆಯೇ ಹೆಚ್ಚು ಕಾಲ ಕರಗದೆ ಉಳಿದು ಖನಿಜ ಗಟ್ಟಿಗೊಂಡದ್ದರಿಂದ. ಇದು ಸಣ್ಣ ಲಾಭವೇನಲ್ಲ: ಕಂಬಿಗಳು ಇನ್ನಷ್ಟು ಕಡಿಯುವುದು ನಿಲ್ಲುತ್ತದೆ, ಮುರಿತಗಳು ನಿಜವಾಗಿಯೂ ಕಡಿಮೆಯಾಗುತ್ತವೆ. ಆದರೆ ಈಗಾಗಲೇ ಬಹಳ ಕಳೆದುಕೊಂಡವರಿಗೆ ಹೊಸ ಮೂಳೆಯ ಪದರವೇ ಬೇಕು. ಅದನ್ನು ಕಟ್ಟುವ ಗುಂಪಿನ ಔಷಧಗಳು ಮಾತ್ರ ಗಣನೀಯವಾಗಿ ಕೊಡುತ್ತವೆ.

ತಡೆಯುವ ಗುಂಪು

ಈಸ್ಟ್ರೊಜೆನ್ ಚಿಕಿತ್ಸೆ ಕಾರಣಕ್ಕೇ ನೇರವಾಗಿ ಕೈ ಹಾಕುತ್ತದೆ. 2002ರಲ್ಲಿ ಪ್ರಕಟವಾದ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಪ್ರಯೋಗದಲ್ಲಿ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಸೇವಿಸಿದವರಲ್ಲಿ ತೊಡೆಮೂಳೆಯ ಕತ್ತಿನ ಮುರಿತ ಸುಮಾರು ಮೂರನೇ ಒಂದರಷ್ಟು ಇಳಿಯಿತು. ಅದೇ ಪ್ರಯೋಗದಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಮತ್ತು ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಿದ್ದೂ ಕಂಡಿತು. ಆದ್ದರಿಂದ ಇದರ ಜಾಗ ಸೀಮಿತ, ಆದರೆ ಖಾಲಿಯಲ್ಲ. ಐವತ್ತರ ಆಸುಪಾಸಿನಲ್ಲಿ ಮೈ ಬಿಸಿಯೇರುವ ಬಾಧೆ ತೀವ್ರವಾಗಿದ್ದು, ಮೂಳೆಯೂ ತೆಳುವಾಗುತ್ತಿದ್ದು, ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ ಇತಿಹಾಸವಿಲ್ಲದವರಿಗೆ ಎರಡೂ ಕೆಲಸವನ್ನು ಒಂದೇ ಔಷಧ ಮಾಡುತ್ತದೆ. ನಿಲ್ಲಿಸಿದ ಮೇಲೆ ಮುಟ್ಟು ನಿಂತಾಗ ಆಗುವಂಥ ನಷ್ಟವೇ ಮತ್ತೆ ಶುರುವಾಗುತ್ತದೆ. ಹಿಂದೆ ಪಡೆದ ರಕ್ಷಣೆ ಕೆಲವೇ ವರ್ಷಗಳಲ್ಲಿ ಕರಗುತ್ತದೆ. ರ‍್ಯಾಲೊಕ್ಸಿಫೀನ್ ಈಸ್ಟ್ರೊಜೆನ್ ಗ್ರಾಹಕವನ್ನು ಮೂಳೆಯಲ್ಲಿ ಪ್ರಚೋದಿಸಿ ಸ್ತನದಲ್ಲಿ ತಡೆಯುತ್ತದೆ. ಕಶೇರುಗಳ ಮುರಿತವನ್ನು ಅದು ಕಡಿಮೆ ಮಾಡುತ್ತದೆ, ಆದರೆ ತೊಡೆಮೂಳೆಯ ಮುರಿತವನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮೈ ಬಿಸಿಯೇರುವುದನ್ನು ಹೆಚ್ಚಿಸುತ್ತದೆ ಕೂಡ.

ಬಿಸ್ಫಾಸ್ಫೊನೇಟ್‌ಗಳು ಹೆಚ್ಚಿನವರಿಗೆ ಮೊದಲ ಆಯ್ಕೆ; ಅದು ಸರಿಯೂ ಹೌದು. ಇವು ಮೂಳೆಯ ಖನಿಜಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಕರಗಿಸುವ ಕೋಶ ಆ ಖನಿಜವನ್ನು ಕರಗಿಸಿ ಒಳಗೆಳೆದುಕೊಂಡಾಗ ಔಷಧವೂ ಒಳಹೋಗಿ, ಅದರ ಒಂದು ಮುಖ್ಯ ಕಿಣ್ವವನ್ನು ಸ್ತಬ್ಧಗೊಳಿಸಿ ಕೋಶವನ್ನು ನಿಷ್ಕ್ರಿಯಗೊಳಿಸುತ್ತದೆ. 1996ರ ಪ್ರಯೋಗದಲ್ಲಿ, ಆಗಲೇ ಕಶೇರು ಮುರಿದಿದ್ದ ಮಹಿಳೆಯರಲ್ಲಿ ಅಲೆಂಡ್ರೊನೇಟ್ ಹೊಸ ಕಶೇರು ಮುರಿತವನ್ನೂ ತೊಡೆಮೂಳೆ ಕತ್ತಿನ ಮುರಿತವನ್ನೂ ಅರ್ಧದಷ್ಟು ಇಳಿಸಿತು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ವರ್ಷಕ್ಕೊಮ್ಮೆ 5 ಮಿಲಿಗ್ರಾಂ ಜೊಲೆಡ್ರೊನೇಟ್ ಡ್ರಿಪ್ ಕಶೇರು ಮುರಿತವನ್ನು ಶೇಕಡಾ 70, ತೊಡೆಮೂಳೆ ಕತ್ತಿನ ಮುರಿತವನ್ನು ಶೇಕಡಾ 41 ತಗ್ಗಿಸಿತು. ಮಾತ್ರೆಯ ನಿಯಮ ಕಟ್ಟುನಿಟ್ಟಾದದ್ದು: ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರಿಯ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಏನನ್ನೂ ತಿನ್ನದೆ, ಮಲಗದೆ ಇರಬೇಕು. ಇಲ್ಲವಾದರೆ ಒಂದೋ ಔಷಧ ಹೀರಿಕೆಯಾಗುವುದಿಲ್ಲ, ಇಲ್ಲವೇ ಅನ್ನನಾಳ ಹುಣ್ಣಾಗುತ್ತದೆ. ಮಾತ್ರೆ ಕೆಲಸ ಮಾಡಲಿಲ್ಲ ಎಂದು ದೂರುವವರಲ್ಲಿ ಈ ನಿಯಮ ತಪ್ಪಿದವರೂ, ಹೇಳದೆ ಬಿಟ್ಟವರೂ ಸೇರಿರುತ್ತಾರೆ. ಮೂತ್ರಪಿಂಡದ ಸೋಸುವ ಶಕ್ತಿ ನಿಮಿಷಕ್ಕೆ 35 ಮಿಲಿಲೀಟರ್‌ಗಿಂತ ಕೆಳಗಿದ್ದವರಿಗೆ ಈ ಗುಂಪು ಹೊಂದುವುದಿಲ್ಲ.

ಇವುಗಳ ದೊಡ್ಡ ಗುಣ ನಿಲ್ಲಿಸುವಾಗ ಕಾಣುತ್ತದೆ. ಔಷಧ ಮೂಳೆಯಲ್ಲೇ ಹುದುಗಿರುವುದರಿಂದ ಪರಿಣಾಮ ನಿಧಾನವಾಗಿ ಇಳಿಯುತ್ತದೆ. ಅಪಾಯ ತೀರಾ ಹೆಚ್ಚಿಲ್ಲದವರಿಗೆ ಮಾತ್ರೆಯಾದರೆ 5 ವರ್ಷ, ಡ್ರಿಪ್ ಆದರೆ 3 ವರ್ಷ ಕೊಟ್ಟು ಬಿಡುವು ಕೊಡಬಹುದು. ಬಿಡುವಿಗೆ ಕಾರಣವೂ ಇದೆ: ನವೀಕರಣ ಹಲವು ವರ್ಷ ತಗ್ಗಿಯೇ ಇದ್ದರೆ ಸೂಕ್ಷ್ಮ ಬಿರುಕುಗಳು ರಿಪೇರಿಯಾಗದೆ ಉಳಿಯುತ್ತವೆ. ಅಪರೂಪಕ್ಕೆ ತೊಡೆಮೂಳೆಯ ನಡುಭಾಗ ದೊಡ್ಡ ಪೆಟ್ಟಿಲ್ಲದೆಯೇ ಅಡ್ಡಲಾಗಿ ಮುರಿಯುತ್ತದೆ. ಅದಕ್ಕೆ ವಾರಗಳು ಅಥವಾ ತಿಂಗಳುಗಳ ಮೊದಲೇ ತೊಡೆಯಲ್ಲಿ ಅಥವಾ ತೊಡೆಸಂದಿಯಲ್ಲಿ ಮಂದ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ಈ ಔಷಧದಲ್ಲಿರುವವರು ಅಂಥ ನೋವು ಹೇಳಿದರೆ ಎರಡೂ ತೊಡೆಗಳ ಎಕ್ಸ್‌ರೇ ತೆಗೆಸಬೇಕು, ಏಕೆಂದರೆ ಇದು ಎರಡೂ ಕಡೆ ಆಗುವ ರೂಢಿಯಿದೆ.

ಡೆನೊಸುಮ್ಯಾಬ್ ರ‍್ಯಾಂಕ್-ಎಲ್ ಅನ್ನು ಹಿಡಿಯುವ ಪ್ರತಿಕಾಯ. ಅಂದರೆ ದೇಹದ ಆಸ್ಟಿಯೊಪ್ರೊಟೆಜೆರಿನ್ ಮಾಡುವ ಕೆಲಸವನ್ನು ಇನ್ನೂ ಪಟ್ಟಾಗಿ ಮಾಡುತ್ತದೆ. ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ. 2009ರ ಪ್ರಯೋಗದಲ್ಲಿ ಕಶೇರು ಮುರಿತ ಶೇಕಡಾ 68, ತೊಡೆಮೂಳೆ ಕತ್ತಿನ ಮುರಿತ ಶೇಕಡಾ 40 ಇಳಿಯಿತು. ಬಿಸ್ಫಾಸ್ಫೊನೇಟ್‌ನಲ್ಲಿ ಸಾಂದ್ರತೆ ಕೆಲವು ವರ್ಷಗಳಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಇದರಲ್ಲಿ ಹತ್ತು ವರ್ಷದವರೆಗೂ ಏರುತ್ತಲೇ ಹೋದದ್ದು ದಾಖಲಾಗಿದೆ. ಮೂತ್ರಪಿಂಡ ದುರ್ಬಲವಾಗಿದ್ದರೂ ಕೊಡಬಹುದು, ಆದರೆ ಆಗ ರಕ್ತದ ಕ್ಯಾಲ್ಸಿಯಂ ಅಪಾಯಕರವಾಗಿ ಕುಸಿಯಬಹುದಾದ್ದರಿಂದ ಮೊದಲೇ ವಿಟಮಿನ್ ಡಿ ಸರಿಪಡಿಸಿ, ಮೊದಲ ವಾರಗಳಲ್ಲಿ ರಕ್ತಪರೀಕ್ಷೆ ಮಾಡಿಸಬೇಕು.

ಇಷ್ಟು ಓದಿದವರಿಗೆ ಡೆನೊಸುಮ್ಯಾಬ್ ಎಲ್ಲದರಲ್ಲೂ ಮೇಲೆಂದು ಅನ್ನಿಸಿದರೆ ಆಶ್ಚರ್ಯವಿಲ್ಲ. ಎರಡನೆಯ ಪ್ರಶ್ನೆ ಕೇಳಿದಾಗ ಚಿತ್ರ ಬದಲಾಗುತ್ತದೆ. ಈ ಔಷಧ ಮೂಳೆಗೆ ಅಂಟುವುದಿಲ್ಲ. ಕೊನೆಯ ಚುಚ್ಚುಮದ್ದಿನ ಆರು ತಿಂಗಳ ನಂತರ ಅದರ ಹಿಡಿತ ಸಡಿಲುತ್ತದೆ. ಅಷ್ಟು ಕಾಲ ಬಲಿಯಲಾಗದೆ ಕಾದಿದ್ದ ಪೂರ್ವಕೋಶಗಳು ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಕರಗಿಸುವ ದೊಡ್ಡ ಕೋಶಗಳು ಸಾಯುವುದರ ಬದಲು ಸಣ್ಣ ಕೋಶಗಳಾಗಿ ಒಡೆದು, ಮತ್ತೆ ಬೆಸೆದುಕೊಳ್ಳಬಲ್ಲವು ಎಂಬುದು 2021ರಲ್ಲಿ ಇಲಿಗಳ ಅಧ್ಯಯನದಿಂದ ತಿಳಿದುಬಂತು. ಈ ಉಕ್ಕಿಗೆ ಅದೂ ಒಂದು ಕಾರಣವಿರಬಹುದು. ಕರಗುವಿಕೆ ಚಿಕಿತ್ಸೆಗೆ ಮುಂಚೆ ಇದ್ದದ್ದಕ್ಕಿಂತಲೂ ಮೇಲೇರುತ್ತದೆ, ಗಳಿಸಿದ ಸಾಂದ್ರತೆಯ ಬಹುಪಾಲು ಒಂದೆರಡು ವರ್ಷಗಳಲ್ಲಿ ಹೋಗುತ್ತದೆ, ಕೆಲವರಲ್ಲಿ ಹಲವು ಕಶೇರುಗಳು ಒಂದರ ಹಿಂದೊಂದು ಕುಸಿಯುತ್ತವೆ. ಆದ್ದರಿಂದ ಇದನ್ನು ಬಿಡುವು ಕೊಡಬಹುದಾದ ಔಷಧವೆಂದು ಎಣಿಸಲೇಬಾರದು. ಚುಚ್ಚುಮದ್ದು ಒಂದು ತಿಂಗಳಿಗಿಂತ ಹೆಚ್ಚು ತಡವಾಗಬಾರದು. ನಿಲ್ಲಿಸಲೇಬೇಕಾದರೆ ಕೊನೆಯ ಡೋಸ್ ಆಗಿ ಆರು ತಿಂಗಳಿಗೆ ಜೊಲೆಡ್ರೊನೇಟ್ ಕೊಟ್ಟು, ಕರಗುವಿಕೆಯ ರಕ್ತಸೂಚಕ ಏರುತ್ತಿದೆಯೇ ಎಂದು ನೋಡುತ್ತಾ, ಏರಿದರೆ ಮತ್ತೊಮ್ಮೆ ಕೊಡಬೇಕಾಗಬಹುದು. ಊರೂರು ತಿರುಗುವ ಕೆಲಸದವರು, ಆರು ತಿಂಗಳಿಗೊಮ್ಮೆ ತಪ್ಪದೆ ಬರುವುದು ಖಚಿತವಿಲ್ಲದವರು ಇದನ್ನು ಆರಂಭಿಸದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಕಟ್ಟುವ ಗುಂಪು

ಪ್ಯಾರಾಥೈರಾಯ್ಡ್ ಹಾರ್ಮೋನು ರಕ್ತದಲ್ಲಿ ಸದಾ ಹೆಚ್ಚಾಗಿದ್ದರೆ ಮೂಳೆ ಕರಗುತ್ತದೆ. ಅದೇ ಹಾರ್ಮೋನಿನ ಮೊದಲ 34 ಅಮೈನೊ ಆಮ್ಲಗಳ ತುಣುಕಾದ ಟೆರಿಪ್ಯಾರಟೈಡನ್ನು ದಿನಕ್ಕೊಮ್ಮೆ 20 ಮೈಕ್ರೊಗ್ರಾಂ ಚುಚ್ಚಿಕೊಂಡರೆ ಮೂಳೆ ಬೆಳೆಯುತ್ತದೆ. ವಿರೋಧಾಭಾಸದಂತೆ ಕಾಣುವ ಇದರ ಗುಟ್ಟು ಅವಧಿಯಲ್ಲಿದೆ: ಕೆಲವು ಗಂಟೆಗಳಲ್ಲೇ ಏರಿ ಇಳಿಯುವ ಮಟ್ಟ ಕಟ್ಟುವ ಕೋಶಗಳನ್ನು ಹೆಚ್ಚಿಸಿ ಅವುಗಳ ಸಾವನ್ನು ಮುಂದೂಡುತ್ತದೆ, ಆದರೆ ರ‍್ಯಾಂಕ್-ಎಲ್ ಅನ್ನು ದಿನವಿಡೀ ಏರಿಸಿಡುವುದಿಲ್ಲ. ಮೊದಲ ತಿಂಗಳುಗಳಲ್ಲಿ ಕಟ್ಟುವಿಕೆ ಮುಂದಿರುತ್ತದೆ. ಕ್ರಮೇಣ ಕರಗುವಿಕೆಯೂ ಏರಿ ಅಂತರ ಕುಗ್ಗುತ್ತದೆ. ಅದಕ್ಕೇ ಚಿಕಿತ್ಸೆಯನ್ನು ಸಾಮಾನ್ಯವಾಗಿ 24 ತಿಂಗಳಿಗೆ ಮುಗಿಸಲಾಗುತ್ತದೆ. 2001ರ ಪ್ರಯೋಗದಲ್ಲಿ ಕಶೇರು ಮುರಿತ ಶೇಕಡಾ 65, ಇತರ ಮೂಳೆಗಳ ಮುರಿತ ಶೇಕಡಾ 53 ಕಡಿಮೆಯಾಯಿತು. ಹಿಂದೆ ಮೂಳೆಗೆ ವಿಕಿರಣ ಚಿಕಿತ್ಸೆಯಾದವರಿಗೆ, ಮೂಳೆಗೆ ಕ್ಯಾನ್ಸರ್ ಹರಡಿದವರಿಗೆ, ಕ್ಯಾಲ್ಸಿಯಂ ಹೆಚ್ಚಿರುವವರಿಗೆ ಇದು ಸಲ್ಲದು.

ರೊಮೊಸೊಜುಮ್ಯಾಬ್ ಸ್ಕ್ಲೆರೊಸ್ಟಿನ್ನಿನ ಕಡಿವಾಣವನ್ನು ಬಿಚ್ಚುತ್ತದೆ. ಹುಟ್ಟಿನಿಂದಲೇ ಸ್ಕ್ಲೆರೊಸ್ಟಿನ್ ಇಲ್ಲದ, ಅತಿ ದಟ್ಟ ಮೂಳೆಯ ಕುಟುಂಬಗಳ ಅಧ್ಯಯನದಿಂದ ಈ ಔಷಧದ ದಾರಿ ತೆರೆಯಿತು. ಇದರಿಂದ ಕಟ್ಟುವಿಕೆ ಏರುವುದಷ್ಟೇ ಅಲ್ಲ, ಕರಗುವಿಕೆಯೂ ಇಳಿಯುತ್ತದೆ. ಹಳ್ಳ ತೋಡದೆಯೇ ಮೇಲ್ಮೈಯ ಮೇಲೆ ಹೊಸ ಮೂಳೆ ಬೀಳುತ್ತದೆ. ತಿಂಗಳಿಗೆ 210 ಮಿಲಿಗ್ರಾಂ, ಹನ್ನೆರಡು ತಿಂಗಳು. 2017ರ ಪ್ರಯೋಗದಲ್ಲಿ ಒಂದು ವರ್ಷ ಇದನ್ನು ಕೊಟ್ಟು ಅನಂತರ ಅಲೆಂಡ್ರೊನೇಟ್ ಕೊಟ್ಟವರಲ್ಲಿ, ಆರಂಭದಿಂದ ಅಲೆಂಡ್ರೊನೇಟ್ ಮಾತ್ರ ಪಡೆದವರಿಗಿಂತ ಎರಡು ವರ್ಷಗಳಲ್ಲಿ ಕಶೇರು ಮುರಿತ ಶೇಕಡಾ 48 ಕಡಿಮೆಯಿತ್ತು. ಅದೇ ಪ್ರಯೋಗದ ಮೊದಲ ವರ್ಷ ಹೃದಯ ಮತ್ತು ಮಿದುಳಿನ ರಕ್ತನಾಳಗಳ ಗಂಭೀರ ತೊಂದರೆಗಳು ಈ ಗುಂಪಿನಲ್ಲಿ ಶೇಕಡಾ 2.5, ಅಲೆಂಡ್ರೊನೇಟ್ ಗುಂಪಿನಲ್ಲಿ ಶೇಕಡಾ 1.9 ಕಂಡವು. ಆದ್ದರಿಂದ ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರಿಗೆ ಇದನ್ನು ಆರಂಭಿಸುವುದಿಲ್ಲ. ಕೆಲವು ದೇಶಗಳ ನಿಯಮ ಇನ್ನೂ ಬಿಗಿಯಾಗಿದ್ದು, ಎಂದೋ ಆಗಿದ್ದರೂ ಕೊಡಬಾರದೆನ್ನುತ್ತದೆ.

ಕಟ್ಟುವ ಔಷಧವನ್ನು ನಿಲ್ಲಿಸಿ ಸುಮ್ಮನಿದ್ದರೆ ಗಳಿಸಿದ್ದು ಒಂದೆರಡು ವರ್ಷಗಳಲ್ಲಿ ಇಳಿದುಹೋಗುತ್ತದೆ, ಹೊಸ ಮೂಳೆಯನ್ನು ಕಾಯಲು ತಡೆಯುವ ಔಷಧ ಹಿಂದೆಯೇ ಬರಬೇಕು. ಕ್ರಮ ತಿರುಗಿಸಿದರೆ ಲಾಭವೂ ತಿರುಗುತ್ತದೆ. ಟೆರಿಪ್ಯಾರಟೈಡ್ ಮುಗಿಸಿ ಡೆನೊಸುಮ್ಯಾಬ್‌ಗೆ ಹೋದವರಲ್ಲಿ ಸಾಂದ್ರತೆ ಏರುತ್ತಲೇ ಸಾಗಿತು. ಡೆನೊಸುಮ್ಯಾಬ್‌ನಿಂದ ಟೆರಿಪ್ಯಾರಟೈಡ್‌ಗೆ ಬಂದವರಲ್ಲಿ ತೊಡೆಮೂಳೆಯ ಮೇಲ್ಭಾಗದಲ್ಲೂ ಮುಂಗೈಯಲ್ಲೂ ಇಳಿಯಿತು ಎಂಬುದು 2015ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಸ್ಪಷ್ಟವಾಗಿದೆ. ಕಾರಣ ಊಹಿಸುವುದು ಕಷ್ಟವಲ್ಲ: ಡೆನೊಸುಮ್ಯಾಬ್ ಬಿಟ್ಟ ಕ್ಷಣದ ಉಕ್ಕಿನ ಮೇಲೆ, ತಾನೂ ಕರಗುವಿಕೆಯನ್ನು ಏರಿಸುವ ಔಷಧವನ್ನು ಸೇರಿಸಿದಂತಾಗುತ್ತದೆ. ದುಬಾರಿ ಔಷಧವನ್ನು ಕೊನೆಗೆ ನೋಡೋಣ, ಮೊದಲು ಸಾಮಾನ್ಯವಾದದ್ದು ಆಗಲಿ ಎಂಬ ಎಂದಿನ ವೈದ್ಯಕೀಯ ಕ್ರಮ ಇಲ್ಲಿ ತೀವ್ರ ಅಪಾಯದವರ ಪಾಲಿಗೆ ಹಾನಿಕರ.

ಒಂದು ಉದಾಹರಣೆಯನ್ನು ಬಿಡಿಸಿ ನೋಡಿದರೆ

ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. 63 ವರ್ಷದ ಮಹಿಳೆ. 49ಕ್ಕೆ ಮುಟ್ಟು ನಿಂತಿದೆ. ಎರಡು ತಿಂಗಳ ಹಿಂದೆ ಬಕೆಟ್ ಎತ್ತುವಾಗ ಬೆನ್ನಿನಲ್ಲಿ ಚಳಕು ಬಂದು ವಾರಗಟ್ಟಲೆ ಉಳಿದಿದೆ. ಹರೆಯದ ಎತ್ತರಕ್ಕಿಂತ 4 ಸೆಂಟಿಮೀಟರ್ ಕಡಿಮೆಯಾಗಿದ್ದಾರೆ. ಎಕ್ಸ್‌ರೇಯಲ್ಲಿ ಸೊಂಟದ ಮೊದಲ ಕಶೇರು ಬೆಣೆಯಂತೆ ಕುಸಿದಿದೆ. ಡೆಕ್ಸಾದಲ್ಲಿ, ಆರೋಗ್ಯವಂತ ಯುವ ವಯಸ್ಕರ ಸರಾಸರಿಗಿಂತ ಸಾಂದ್ರತೆ ಎಷ್ಟು ಕೆಳಗಿದೆ ಎಂದು ಹೇಳುವ ಬೆನ್ನುಮೂಳೆಯ ಟಿ-ಸ್ಕೋರ್ −2.6, ತೊಡೆಮೂಳೆ ಕತ್ತಿನದು −2.8. ಎದೆಯುರಿಯ ತೊಂದರೆ ಹಳೆಯದು, ಹೃದಯದ ಕಾಯಿಲೆ ಇಲ್ಲ, ಮೂತ್ರಪಿಂಡ ಸರಿಯಿದೆ.

ಮೊದಲು ಸ್ಕ್ಯಾನನ್ನೇ ಮತ್ತೊಮ್ಮೆ ನೋಡಬೇಕು. ಡೆಕ್ಸಾ ಅಳೆಯುವುದು ಖನಿಜದ ತೂಕವನ್ನು ನೆರಳಿನ ವಿಸ್ತೀರ್ಣದಿಂದ ಭಾಗಿಸಿ. ಒಂದು ಕಶೇರುವಿನಲ್ಲಿ 9 ಗ್ರಾಂ ಖನಿಜ 12 ಚದರ ಸೆಂಟಿಮೀಟರಿನಲ್ಲಿ ಹರಡಿದ್ದರೆ ಸಾಂದ್ರತೆ 0.75. ಅದೇ ಕಶೇರು ಕುಸಿದು 9 ಚದರ ಸೆಂಟಿಮೀಟರ್ ಆದರೆ ಅದೇ 9 ಗ್ರಾಂ 1.0 ಎಂದು ತೋರಿಸುತ್ತದೆ. ಮುರಿದ ಮೂಳೆ ಗಟ್ಟಿ ಮೂಳೆಯ ವೇಷ ಹಾಕುತ್ತದೆ. ಸ್ಕ್ಯಾನ್ ಅಳೆದ ಸೊಂಟದ ನಾಲ್ಕು ಕಶೇರುಗಳಲ್ಲಿ ಅದನ್ನು ಬಿಟ್ಟು ಉಳಿದ ಮೂರನ್ನು ಲೆಕ್ಕ ಹಾಕಿದಾಗ ಟಿ-ಸ್ಕೋರ್ −3.3 ಎಂದು ಬಂತೆನ್ನೋಣ. ಇಬ್ಬರು ಬೇರೆ ಬೇರೆ ರೋಗಿಗಳೆನ್ನುವಷ್ಟು ವ್ಯತ್ಯಾಸ.

ಎರಡನೆಯ ಹೆಜ್ಜೆ, ಇದು ಮುಟ್ಟು ನಿಂತದ್ದರಿಂದ ಮಾತ್ರ ಆದದ್ದೇ ಎಂದು ಖಚಿತಪಡಿಸಿಕೊಳ್ಳುವುದು. ಕ್ಯಾಲ್ಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನು, ಥೈರಾಯ್ಡ್ ಪರೀಕ್ಷೆ, ಜೊತೆಗೆ ಮಜ್ಜೆಯ ಕ್ಯಾನ್ಸರ್ ಆದ ಮೈಲೋಮಾ ಇಲ್ಲವೆಂದು ತಿಳಿಯಲು ರಕ್ತದ ಪ್ರೋಟೀನುಗಳ ಪರೀಕ್ಷೆ. ಇವರಲ್ಲಿ ವಿಟಮಿನ್ ಡಿ ಮಾತ್ರ ಕಡಿಮೆಯಿದೆ, ಮಿಲಿಲೀಟರಿಗೆ 13 ನ್ಯಾನೊಗ್ರಾಂ. ಅದನ್ನು ಸರಿಪಡಿಸದೆ ಯಾವ ಔಷಧವನ್ನೂ ಆರಂಭಿಸಬಾರದು, ಯಾಕೆಂದರೆ ಹೊಸದಾಗಿ ಹೆಣೆದ ಕೊಲಾಜನ್ ಹಾಸಿಗೆ ಖನಿಜವೇ ಕೂರುವುದಿಲ್ಲ, ಮತ್ತು ಕರಗುವಿಕೆಯನ್ನು ತಟ್ಟನೆ ನಿಲ್ಲಿಸಿದರೆ ಕ್ಯಾಲ್ಸಿಯಂ ಕುಸಿಯಬಹುದು.

ಈಗ ಆಯ್ಕೆ. ಈಸ್ಟ್ರೊಜೆನ್ ಆರಂಭಿಸಲು ಮುಟ್ಟು ನಿಂತು ಹದಿನಾಲ್ಕು ವರ್ಷ ತಡವಾಗಿದೆ. ರ‍್ಯಾಲೊಕ್ಸಿಫೀನ್ ತೊಡೆಮೂಳೆಯನ್ನು ಕಾಯದು. ಎದೆಯುರಿ ಇರುವುದರಿಂದ ಅಲೆಂಡ್ರೊನೇಟ್ ಮಾತ್ರೆ ಬೇಡ. ಉಳಿದದ್ದು ಜೊಲೆಡ್ರೊನೇಟ್, ಡೆನೊಸುಮ್ಯಾಬ್ ಮತ್ತು ಕಟ್ಟುವ ಎರಡು. ಮುರಿತ ಹೊಸದು, ಕಶೇರು ಮುರಿದ ನಂತರದ ಒಂದೆರಡು ವರ್ಷಗಳಲ್ಲೇ ಮತ್ತೊಂದು ಮುರಿಯುವ ಸಂಭವ ಅತಿ ಹೆಚ್ಚು. ಸಾಂದ್ರತೆಯೂ ತೀರಾ ಕೆಳಗಿದೆ. ತೀವ್ರ ಆಸ್ಟಿಯೊಪೊರೋಸಿಸ್ ಇರುವವರಲ್ಲಿ ಟೆರಿಪ್ಯಾರಟೈಡನ್ನು ಬಿಸ್ಫಾಸ್ಫೊನೇಟ್ ಗುಂಪಿನ ರಿಸೆಡ್ರೊನೇಟ್‌ಗೆ ನೇರವಾಗಿ ಹೋಲಿಸಿದ 2018ರ ಪ್ರಯೋಗದಲ್ಲಿ ಎರಡು ವರ್ಷಗಳಲ್ಲಿ ಹೊಸ ಕಶೇರು ಮುರಿತವಾದವರು ಕ್ರಮವಾಗಿ ಶೇಕಡಾ 5.4 ಮತ್ತು 12.0. ಇವರಿಗೆ ಕಟ್ಟುವ ಔಷಧವೇ ಮೊದಲು. ತೊಡೆಮೂಳೆಯ ಕತ್ತೂ ದುರ್ಬಲವಾಗಿದ್ದು ಹೃದಯ ಆರೋಗ್ಯವಾಗಿರುವುದರಿಂದ ರೊಮೊಸೊಜುಮ್ಯಾಬ್ ಕಡೆಗೆ ನನ್ನ ಒಲವು. ಅದು ಸಿಗದಿದ್ದರೆ ಅಥವಾ ಖರ್ಚು ಮೀರಿದರೆ ಟೆರಿಪ್ಯಾರಟೈಡ್ ಒಳ್ಳೆಯ ಆಯ್ಕೆಯೇ. ಎರಡೂ ಆಗದಿದ್ದರೆ ಜೊಲೆಡ್ರೊನೇಟ್ ತಕ್ಷಣ ಕೊಡಬೇಕು. ಉತ್ತಮ ಔಷಧಕ್ಕಾಗಿ ಆರು ತಿಂಗಳು ಕಾಯುವುದಕ್ಕಿಂತ ಅದು ಎಷ್ಟೋ ಮೇಲು.

ಅವರು ಟೆರಿಪ್ಯಾರಟೈಡ್ ಆರಿಸಿಕೊಂಡರೆನ್ನೋಣ. ಕೆಲಸವಾಗುತ್ತಿದೆಯೇ ಎಂದು ತಿಳಿಯಲು ಎರಡು ವರ್ಷ ಕಾಯಬೇಕಿಲ್ಲ. ಕೊಲಾಜನ್ ಹೆಣೆಯುವಾಗ ರಕ್ತಕ್ಕೆ ಬರುವ ಪಿ1ಎನ್‌ಪಿ ಎಂಬ ತುಣುಕು ಒಂದರಿಂದ ಮೂರು ತಿಂಗಳೊಳಗೆ ಸ್ಪಷ್ಟವಾಗಿ ಏರಬೇಕು. ಏರದಿದ್ದರೆ ಮೊದಲು ಪೆನ್ ಬಳಕೆಯನ್ನು ಎದುರಿಗೇ ಮಾಡಿಸಿ ನೋಡಬೇಕು, ಶೀತಪೆಟ್ಟಿಗೆಯಿಂದ ಹೊರಗಿಟ್ಟು ಔಷಧ ಕೆಟ್ಟಿದೆಯೇ ಎಂದು ವಿಚಾರಿಸಬೇಕು. ತಡೆಯುವ ಔಷಧದಲ್ಲಿ ನೋಡಬೇಕಾದ ಸೂಚಕ ಬೇರೆ: ಕರಗಿದ ಕೊಲಾಜನ್ನಿನ ತುಣುಕಾದ ಸಿಟಿಎಕ್ಸ್ ಇಳಿಯಬೇಕು. ಊಟದಿಂದಲೂ ದಿನದ ಹೊತ್ತಿನಿಂದಲೂ ಅದು ಬಹಳ ಏರುಪೇರಾಗುವುದರಿಂದ ಬೆಳಗ್ಗೆ ಖಾಲಿ ಹೊಟ್ಟೆಯ ರಕ್ತವನ್ನೇ ಕೊಡಬೇಕು. ಒಮ್ಮೆ ಬೆಳಗ್ಗೆ, ಇನ್ನೊಮ್ಮೆ ಮಧ್ಯಾಹ್ನ ಕೊಟ್ಟ ಎರಡು ವರದಿಗಳನ್ನು ಹೋಲಿಸುವುದು ವ್ಯರ್ಥ.

ಒಂದು ವರ್ಷದ ಡೆಕ್ಸಾದಲ್ಲಿ ಬೆನ್ನುಮೂಳೆ ಶೇಕಡಾ 6 ಏರಿ, ತೊಡೆಮೂಳೆಯ ಕತ್ತು ಶೇಕಡಾ 1 ಇಳಿದಂತೆ ಕಂಡರೆ ಗಾಬರಿಯಾಗಬಾರದು. ಟೆರಿಪ್ಯಾರಟೈಡ್ ಆರಂಭದಲ್ಲಿ ಗಟ್ಟಿ ಕವಚದೊಳಗೂ ನವೀಕರಣವನ್ನು ಹೆಚ್ಚಿಸುತ್ತದೆ; ಹೊಸ ಮೂಳೆಯಲ್ಲಿ ಖನಿಜ ಇನ್ನೂ ಕಡಿಮೆಯಿರುತ್ತದೆ. ಮೇಲಾಗಿ ಶೇಕಡಾ 2–3ಕ್ಕಿಂತ ಸಣ್ಣ ವ್ಯತ್ಯಾಸ ಯಂತ್ರದ ಮತ್ತು ಮಲಗಿಸುವ ಭಂಗಿಯ ದೋಷದೊಳಗೇ ಬರುತ್ತದೆ. ಅದಕ್ಕಾಗಿ ಪ್ರತಿ ಸಲವೂ ಅದೇ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಬೇಕು.

ಕೊನೆಯ ಪೆನ್ ಖಾಲಿಯಾಗುವ ಮೊದಲೇ ಜೊಲೆಡ್ರೊನೇಟ್ ಡ್ರಿಪ್ಪಿನ ದಿನಾಂಕ ಗೊತ್ತಾಗಿರಬೇಕು. ಅದಕ್ಕೂ ಮುಂಚೆ ಹಲ್ಲಿನ ವೈದ್ಯರನ್ನು ಕಂಡು, ಕೀಳಬೇಕಾದ ಹಲ್ಲಿದ್ದರೆ ಕೀಳಿಸಿ ವಸಡು ಮಾಯಲು ಬಿಡುವುದು ಕ್ಷೇಮ. ದವಡೆಮೂಳೆ ತೆರೆದುಕೊಂಡು ಮಾಯದಿರುವ ತೊಂದರೆ ಈ ಪ್ರಮಾಣದಲ್ಲಿ ಅಪರೂಪವಾದರೂ, ಬಂದರೆ ಸುಲಭವಾಗಿ ಬಿಡುವುದಿಲ್ಲ. ಡ್ರಿಪ್ಪಿನ ಮರುದಿನ ಜ್ವರ, ಮೈಕೈ ನೋವು ಬರುವುದುಂಟು. ಅದು ಮೂರು ದಿನದೊಳಗೆ ಇಳಿಯುತ್ತದೆ, ಮುಂದಿನ ವರ್ಷ ಅಷ್ಟಾಗಿ ಬಾಧಿಸುವುದಿಲ್ಲ. ಮೂರು ವರ್ಷ ಡ್ರಿಪ್ ಆದ ಮೇಲೆ ಬಿಡುವು ಕೊಡಬಹುದೇ ಎಂಬುದನ್ನು ಆಗಿನ ತೊಡೆಮೂಳೆಯ ಟಿ-ಸ್ಕೋರ್ ಮತ್ತು ನಡುವೆ ಮುರಿತ ಆಗಿದೆಯೇ ಎಂಬುದು ಹೇಳುತ್ತದೆ. ಟಿ-ಸ್ಕೋರ್ −2.5ಕ್ಕಿಂತ ಕೆಳಗೇ ಉಳಿದಿದ್ದರೆ ಅಥವಾ ಹೊಸ ಕಶೇರು ಕುಸಿದಿದ್ದರೆ ಚಿಕಿತ್ಸೆಯನ್ನು 6 ವರ್ಷದವರೆಗೆ ಮುಂದುವರಿಸುವುದು ವಾಡಿಕೆ. ಹಾಗಿಲ್ಲದಿದ್ದರೆ ನಿಲ್ಲಿಸಿ, ವರ್ಷಕ್ಕೊಮ್ಮೆ ಎತ್ತರ ಅಳೆದು, ಎರಡು ಮೂರು ವರ್ಷಕ್ಕೊಮ್ಮೆ ಡೆಕ್ಸಾ ಮಾಡಿಸಿ, ಸಾಂದ್ರತೆ ಮತ್ತೆ ಗಣನೀಯವಾಗಿ ಇಳಿದಾಗ ಆರಂಭಿಸಬಹುದು.